ಹನ್ನೊಂದು ಮನೆಯ ಚೀಲಗಳು

ಶಹಾಬಾದಿನಲ್ಲಿ ನನ್ನನ್ನು ‘ಗುಳಿಗಿ ಬಾಯಿ’, ಅಂದರೆ ಗುಳಿಗೆಯಮ್ಮ, ಅನ್ನುತ್ತಾರೆ. ಹೆಸರು ಶ್ರೀವಾಣಿ. ಸರ್ಕಾರಿ ಆಸ್ಪತ್ರೆಯ ಟಿ.ಬಿ. ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಗುಳಿಗೆ ನುಂಗುವುದನ್ನು ತಪ್ಪಿಸಿದವರ ಮನೆ ಬಾಗಿಲಿಗೆ ಹೋಗಿ, ಓಣಿಯವರೆಲ್ಲ ಕೇಳುವ ಹಾಗೆ ಬೈಯುವುದು ನನ್ನ ಕೆಲಸದ ಅರ್ಧ ಭಾಗ. ಉಳಿದರ್ಧ ರಜಿಸ್ಟರ್ ತುಂಬುವುದು. ಬೈಗುಳದಲ್ಲಿ ನಾನು ಗಟ್ಟಿ, ರಜಿಸ್ಟರಿನಲ್ಲಿ ಸುಮಾರು.

ಸುಂದರಬಾಯಿಯನ್ನು ಮಾತ್ರ ನಾನು ಒಂದು ದಿನವೂ ಬೈಯಲಿಲ್ಲ. ಬೈಯಲು ಆಕೆ ಅವಕಾಶವನ್ನೇ ಕೊಡಲಿಲ್ಲ. ಕಾರ್ಖಾನೆ ಓಣಿಯ ಅರವತ್ತೆರಡರ ಹೆಂಗಸು. ಹೋದ ಆಷಾಢದಲ್ಲಿ ಬಲಗಡೆ ಎದೆಯಲ್ಲಿ ನೀರು ತುಂಬಿಕೊಂಡು ಬಂದಿದ್ದಳು. ನೀರು ತೆಗೆದು ಪರೀಕ್ಷೆಗೆ ಕಳಿಸಿದೆವು. ಕೀಟಾಣು ಸಿಗಲಿಲ್ಲ, ಆದರೆ ಇನ್ನೊಂದು ಪರೀಕ್ಷೆಯ ಅಂಕಿ ಟಿ.ಬಿ. ಕಡೆಗೇ ಬೊಟ್ಟು ಮಾಡಿತು. ನಮ್ಮ ಕಡೆ ಎದೆಯಲ್ಲಿ ನೀರು ಅಂದರೆ ಬಹುಪಾಲು ಟಿ.ಬಿ.ಯೇ. ಡಾಕ್ಟರು ಬರೆದುಕೊಟ್ಟರು, ನಾನು ಗುಳಿಗೆ ಕೊಟ್ಟೆ. ಆಕೆ ದಿನಾ ಬೆಳಿಗ್ಗೆ ಗಂಡನ ಎದುರು ಕೂತು ಒಂದನ್ನೂ ಬಿಡದೆ ನುಂಗಿದಳು.

ನಾಲ್ಕನೇ ತಿಂಗಳಿಗೆ ನೀರು ತಿರುಗಿ ತುಂಬಿತು. ಈ ಸಲ ತೆಗೆದಾಗ ರಕ್ತ ಬೆರೆತ ಬಣ್ಣ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ ಅಂತಲ್ಲ, ಬಂದದ್ದನ್ನು ನಾನೇ ತಳ್ಳಿಬಿಟ್ಟೆ. ‘ಕೆಲವರಿಗೆ ಔಷಧ ನಿಧಾನ ಹಿಡಿತದ ಕಾಕಿ, ಬಿಡಬ್ಯಾಡ್ರಿ’ ಅಂದೆ. ಆರು ತಿಂಗಳು ಮುಗಿದ ದಿನ ‘ಚಿಕಿತ್ಸೆ ಪೂರ್ಣ’ ಅಂತ ರಜಿಸ್ಟರಿನಲ್ಲಿ ಬರೆದೆ. ತಲೆ ಎತ್ತಿ ನೋಡಿದರೆ ಆಕೆ ಆಸ್ಪತ್ರೆಯ ಗೇಟಿನಿಂದ ನನ್ನ ಮೇಜಿಗೆ ಬರುವಷ್ಟರಲ್ಲಿ ದಮ್ಮು ಹತ್ತಿ ಮೂರು ಕಡೆ ನಿಂತಿದ್ದಳು. ಒಂಬತ್ತು ಕೆಜಿ ಇಳಿದಿದ್ದಳು. ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ, ಮರುದಿನ ರಜೆ ಹಾಕಿ ಗಂಡಹೆಂಡತಿ ಇಬ್ಬರನ್ನೂ ಕಲಬುರಗಿಗೆ ಕರೆದುಕೊಂಡು ಹೋದೆ.

ಡಾ. ರಘೂತ್ತಮ ಅಲ್ಲಿ ಎದೆಯ ಡಾಕ್ಟರು. ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬಲ ಶ್ವಾಸಕೋಶದ ಸುತ್ತ ಗಂಟುಗಂಟಾದ ದಪ್ಪ ಅಂಚು. ಎರಡೂ ಬದಿಗೆ ಸುಣ್ಣದಂಥ ಬಿಳಿ ಕಲೆಗಳು. ಆಮೇಲೆ ಸುಂದರಬಾಯಿಯ ಕಡೆ ತಿರುಗಿ ಕೇಳಿದರು.

“ಬಾಯಾರ, ನೀವು ಯಾವುದರೆ ಕಾರ್ಖಾನೆಯಾಗ ದುಡದೀರೇನು?”

ಗಂಡ ಹಣಮಂತರಾಯ ಮುಂದೆ ಬಂದರು. ಎಪ್ಪತ್ತರ ಮನುಷ್ಯ, ದನಿ ಇನ್ನೂ ಪಾಳಿಯ ಮುಕಾದಮನದು. “ಇಲ್ರಿ. ಆಕಿ ಹೊರಗ ದುಡದಾಕಿ ಅಲ್ಲ. ದುಡದವ ನಾನು. ಸಿಮೆಂಟ್ ತಗಡಿನ ಕಾರ್ಖಾನಿ, ಹತ್ತೊಂಬತ್ತು ವರ್ಷ. ಅದು ಮುಚ್ಚಿ ಈಗ ಮೂವತ್ತು ವರ್ಷದ ಹತ್ರ ಬಂತು.”

ಡಾಕ್ಟರು ಪೆನ್ನು ಕೆಳಗಿಟ್ಟರು. “ನಿಮ್ಮ ಡ್ಯೂಟಿ ಬಟ್ಟಿ ಯಾರು ಒಗೀತಿದ್ರು?”

“ಆಕೀನ. ಮತ್ತ ಯಾರು ಒಗೀಬೇಕ್ರಿ?” ಅಂತ ಹಣಮಂತರಾಯರು ನಕ್ಕರು.

ಸುಂದರಬಾಯಿ ನನ್ನ ಕೈ ಹಿಡಿದಿದ್ದಳು. ಆ ಹಿಡಿತ ಬಿಗಿಯಾಯಿತು. ಡಾಕ್ಟರು ಇನ್ನೇನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಆಕೆ ಗಂಡನಿಗೆ, “ಬಾಯಿ ಒಣಗ್ಯದ್ರಿ, ಒಂದೀಟು ಚಹಾ ತರ್ರಿ” ಅಂದಳು. ಅವರು ಹೋದರು. ಬಾಗಿಲು ಮುಚ್ಚಿತು.

“ಈಗ ಕೇಳ್ರಿ ಡಾಕ್ಟರೆ,” ಅಂದಳು.

ಆಕೆ ಹೇಳಿದ್ದು ಇಷ್ಟು. ಕಾರ್ಖಾನೆಗೆ ‘ಮಾಲು’ ಗೋಣಿಚೀಲಗಳಲ್ಲಿ ಬರುತ್ತಿತ್ತು. ಅದನ್ನು ಸಿಮೆಂಟಿಗೆ ಕಲಸಿ ತಗಡು ಮಾಡುತ್ತಿದ್ದರು. ಬೂದು ಬಿಳುಪಿನ, ಹಿಂಜಿದ ಹತ್ತಿಯಂಥ ಮಾಲು. ಪುಸ್ತಕದಲ್ಲಿ ಕಲ್ನಾರು ಅಂತ ಇದೆ, ಆಸ್ಬೆಸ್ಟಾಸ್ ಅಂದರೆ ಅದೇ. ಓಣಿಯಲ್ಲಿ ಮಾಲು ಅಂದರೆ ಸಾಕು. ಖಾಲಿ ಚೀಲ ಒಯ್ಯಲು ಕಾರ್ಖಾನೆಯವರು ಅಡ್ಡಿ ಮಾಡುತ್ತಿರಲಿಲ್ಲ. ಹಣಮಂತರಾಯರು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತರುತ್ತಿದ್ದರು. ಕೌದಿ ಹೊಲಿಯುವಾಗ ಮೇಲೆ ಕೆಳಗೆ ಹಳೆ ಸೀರೆ, ಒಳಪದರಿಗೆ ಈ ಚೀಲ. ಬೇರೆ ಊರಿನ ಕೌದಿಗಿಂತ ನಮ್ಮ ಓಣಿಯ ಕೌದಿ ದಪ್ಪ, ಥಂಡಿಗೆ ಬಿಸಿ, ಹತ್ತು ವರ್ಷ ಬಾಳಿಕೆ. ಹೊಲಿಯುವ ಮೊದಲು ಚೀಲವನ್ನು ಹಗ್ಗದ ಮೇಲೆ ಹಾಕಿ, ಒಳಗೆ ಅಂಟಿದ ಮಾಲೆಲ್ಲ ಉದುರುವ ತನಕ ಬಡಿಗೆಯಿಂದ ಬಡಿಯಬೇಕು. ಭಾನುವಾರ ಭಾನುವಾರ ಹೆಂಗಸರೆಲ್ಲ ಸೇರಿ ಬಡಿಯುತ್ತಿದ್ದರು.

“ಬಡ್ಯಾಗ ಬೆಳ್ಳಗ ಏಳ್ತಿತ್ರಿ. ತೆಲಿ ತುಂಬ ಕೂಡ್ತಿತ್ತು. ಮುದುಕಿ ಆದಿ ಅಂತ ಒಬ್ಬರಿಗೊಬ್ಬರು ನಗ್ತಿದ್ವಿ,” ಅಂದಳು.

ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಆ ಮಾಲಿನ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು, ಸೂಜಿಯ ಹಾಗೆ ನೆಟ್ಟಗೆ. ಉಸಿರಿನೊಂದಿಗೆ ಒಳಗೆ ಹೋಗಿ ಶ್ವಾಸಕೋಶದ ಹೊರಹೊದಿಕೆಯವರೆಗೂ ತಲುಪುತ್ತದೆ. ದೇಹಕ್ಕೆ ಅದನ್ನು ಕರಗಿಸಲಿಕ್ಕೂ ಬರುವುದಿಲ್ಲ, ಪೂರ್ತಿ ಹೊರಗೆ ಹಾಕಲಿಕ್ಕೂ ಬರುವುದಿಲ್ಲ. ಅಲ್ಲೇ ಇದ್ದು ವರ್ಷಗಟ್ಟಲೆ ಕೆರಳಿಸುತ್ತದೆ. ಮೂವತ್ತು, ನಲವತ್ತು ವರ್ಷದ ಮೇಲೆ ಕೆಲವರಿಗೆ ಆ ಹೊದಿಕೆಯಲ್ಲಿ ಕ್ಯಾನ್ಸರ್ ಏಳುತ್ತದೆ. “ಖಾತ್ರಿ ಆಗಬೇಕಂದ್ರ ಕ್ಯಾಮರಾ ಹಾಕಿ ತುಣುಕು ತೆಗೀಬೇಕು. ನೀರಿನ ಪರೀಕ್ಷಾದಾಗ ಇದು ಭಾಳ ಸಲ ಸಿಗಂಗಿಲ್ಲ. ಟಿ.ಬಿ. ಅಂತ ನಿಮಗಷ್ಟ ಅಲ್ಲ, ಭಾಳ ಮಂದಿಗೆ ಹೇಳಿರ್ತಾರ.”

ಕೊನೆಯ ಮಾತು ನನ್ನನ್ನು ಸಮಾಧಾನ ಮಾಡಲಿಕ್ಕೆ ಹೇಳಿದ್ದು. ನನಗೆ ಸಮಾಧಾನ ಆಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಾಗ ಸುಂದರಬಾಯಿ ನನ್ನ ಕಡೆ ತಿರುಗಿದಳು. ದೂರದಲ್ಲಿ ಹಣಮಂತರಾಯರು ಮೂರು ಚಹಾದ ಕಪ್ಪುಗಳನ್ನು ಎರಡು ಕೈಯಲ್ಲಿ ಹಿಡಿದು ಚೆಲ್ಲದ ಹಾಗೆ ಬರುತ್ತಿದ್ದರು.

“ಅವರಿಗೆ ಇದು ಗೊತ್ತಾಗಬಾರದು.”

“ಕಾಕಿ, ರೋಗ ಏನಂತ ಹೇಳಲೇಬೇಕಲ್ಲ.”

“ರೋಗ ಹೇಳು. ಎಲ್ಲಿಂದ ಬಂತು ಅಂತ ಹೇಳಬ್ಯಾಡ. ಚೀಲ ತಂದವರು ಅವರು. ನಂದು ಛಲೋ ಇರಲಿ ಅಂತ ತಂದದ್ದು. ಗೊತ್ತಾದ್ರ ನನಕಿಂತ ಮೊದಲ ಅವರು ಹೋಗ್ತಾರ.” ಉಸಿರು ಸಾಲದೆ ನಿಂತು, ಮತ್ತೆ ಹೇಳಿದಳು, “ನಿನ್ನ ಗುಳಿಗಿ ಆರು ತಿಂಗಳ ನುಂಗೀನಿ ನಾನು. ನನ್ನ ಒಂದ್ ಮಾತು ನೀ ನುಂಗು.”

ಆಗಲಿ ಅಂತ ತಲೆಯಾಡಿಸಿದೆ.

ತುಣುಕು ತೆಗೆದು ಹೈದರಾಬಾದಿಗೆ ಕಳಿಸಿದ್ದರು. ಹನ್ನೆರಡು ದಿನಕ್ಕೆ ಉತ್ತರ ಬಂತು: ಮೀಸೋಥೀಲಿಯೋಮಾ. ಡಾ. ರಘೂತ್ತಮ ಹಣಮಂತರಾಯರನ್ನು ಕೂರಿಸಿಕೊಂಡು ಅದು ಶ್ವಾಸಕೋಶದ ಹೊದಿಕೆಯ ಕ್ಯಾನ್ಸರ್ ಅಂದರು.

“ಕೊಯ್ದು ತೆಗೀರಿ,” ಅಂದರು ಹಣಮಂತರಾಯರು. “ನಾ ಸಹಿ ಮಾಡ್ತೀನಿ.”

“ಗಡ್ಡಿ ಇದ್ರ ತೆಗೀಬಹುದಿತ್ರಿ. ಇದು ಗಡ್ಡಿ ಅಲ್ಲ. ಗ್ವಾಡಿಗಿ ಸುಣ್ಣ ಬಳದಂಗ ಪುಪ್ಪುಸದ ಸುತ್ತ ಪೂರಾ ಹಬ್ಬ್ಯದ. ಹೃದಯದ ಮಗ್ಗಲಕ, ಕೆಳಗ ಹೊಟ್ಟಿ ಮ್ಯಾಲಿನ ಪರದೆಗೆ, ಎಲ್ಲಾ ಕಡಿ. ಇಲ್ಲಿಂದ ಇಲ್ಲಿತನಕ ಅಂತ ಗೆರಿ ಹೊಡದು ಕೊಯ್ಯಲಿಕ್ಕ ಬರಂಗಿಲ್ಲ. ಕರೆಂಟ್, ಅಂದ್ರ ರೇಡಿಯೇಶನ್, ಕೊಡ್ಬೇಕಂದ್ರ ಒಳಗಿನ ಪುಪ್ಪುಸ ಸುಡ್ತದ. ಸಲಾಯಿನ್ ಹಚ್ಚಿ ಔಷಧ ಕೊಡ್ತೀವಿ. ಅದು ಕೆಲವರಿಗೆ ಕೆಲವು ತಿಂಗಳ ಹೆಚ್ಚಿಗಿ ಕೊಡ್ತದ. ಪೂರಾ ಹೋಗಸ್ತೀನಿ ಅಂದ್ರ ನಾ ಸುಳ್ಳು ಹೇಳದಂಗ.”

“ಆರು ತಿಂಗಳ ಮೊದಲ ಬಂದಿದ್ರ?”

ನಾನು ನೆಲ ನೋಡಿದೆ.

“ಮೊದಲ ಬಂದಿದ್ರ ಔಷಧ ತಡಕೊಳ್ಳೋ ಶಕ್ತಿ ಮೈಯಾಗ ಇರ್ತಿತ್ತು. ಆದ್ರ ಇದು ಮೊದಲ ಸಿಕ್ಕರೂ ಪೂರಾ ಹೋಗೋ ರೋಗ ಅಲ್ರಿ,” ಅಂದರು ಡಾಕ್ಟರು. ಆ ಮಾತಿನ ಮೊದಲರ್ಧ ಈಗಲೂ ನನ್ನ ಕಿವಿಯಲ್ಲಿದೆ.

ಹೊರಡುವಾಗ ಡಾಕ್ಟರು ನನ್ನನ್ನೊಬ್ಬಳನ್ನೇ ಕರೆದರು. ಸುಂದರಬಾಯಿ ಬೆಂಚಿನ ಮೇಲೆ ಅಂದದ್ದನ್ನು ಅವರಿಗೆ ಮೊದಲೇ ತಿಳಿಸಿದ್ದೆ. “ಕಾರಣ ಹೇಳಬ್ಯಾಡ ಅಂದದ್ದು ಆಕಿ ಹಕ್ಕು. ಆದ್ರ ಮನ್ಯಾಗ ಅಂಥ ಚೀಲ ಇನ್ನೂ ಉಳದಾವೇನು ಕೇಳ್ರಿ. ಎಷ್ಟು ಹಳೇದಾದ್ರೂ ಅದರ ಎಳಿ ಸಾಯಂಗಿಲ್ಲ. ಓಣ್ಯಾಗ ಬ್ಯಾರೆ ಯಾರಿಗೆ ಕೊಟ್ಟಿದ್ರು, ಅದೂ ಗೊತ್ತಾಗಬೇಕು.”

ಊರಿಗೆ ಬಂದು ಅವರ ಮನೆಯಲ್ಲಿ ಕೂತಾಗ ಕೇಳಿದೆ. “ಎಲ್ಲಾ ಎಂದೋ ಹರದು ಹೋಗ್ಯಾವ ಬಿಡು,” ಅಂದಳು ಸುಂದರಬಾಯಿ. ನಾನು ನಂಬಿದೆ. ಎದ್ದು ನಿಂತು ಅಟ್ಟವನ್ನು ಒಂದು ಸಲ ನೋಡಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಓಣಿಯ ಉಳಿದ ಮನೆಗಳಿಗೂ ಹೋಗಲಿಲ್ಲ. ಒಂದು ಬಾಗಿಲು ತಟ್ಟಿ ಚೀಲ ಅಂದರೆ ಸಂಜೆಯೊಳಗೆ ಹಣಮಂತರಾಯರ ಕಿವಿಗೆ ಬೀಳುವುದು ಖಂಡಿತ. ನಾಳೆ ಹೋದರಾಯಿತು ಅಂತ ಎರಡು ತಿಂಗಳು ತಳ್ಳಿದೆ. ಊರಿನವರನ್ನೆಲ್ಲ ನಾಳೆ ಅಂದದ್ದಕ್ಕೆ ಬೈಯುವವಳು ನಾನು.

ಔಷಧ ಎರಡು ಸುತ್ತು ಆಯಿತು. ಮೂರನೆಯದಕ್ಕೆ ಸುಂದರಬಾಯಿಯ ಮೂತ್ರಪಿಂಡ ತಾಳಲಿಲ್ಲ. ನೀರು ತುಂಬದ ಹಾಗೆ ಒಳಗೆ ಪುಡಿ ಹಾಕಿ ಹೊದಿಕೆಯನ್ನು ಅಂಟಿಸುವ ಉಪಾಯವಿದೆ. ಅದಕ್ಕೆ ಶ್ವಾಸಕೋಶ ಮೊದಲು ಅರಳಬೇಕು. ಈಕೆಯದು ಆ ದಪ್ಪ ಹೊದಿಕೆಯೊಳಗೆ ಸಿಕ್ಕಿಕೊಂಡು ಅರಳಲೇ ಇಲ್ಲ. ಕೊನೆಗೆ ಪಕ್ಕೆಯಲ್ಲಿ ಒಂದು ಸಣ್ಣ ನಳಿಕೆ ಇಟ್ಟು ಕಳಿಸಿದರು. ಎರಡು ದಿನಕ್ಕೊಮ್ಮೆ ನಾನು ಹೋಗಿ ನೀರು ತೆಗೆಯುತ್ತಿದ್ದೆ.

ಹೋದಾಗಲೆಲ್ಲ ಹಣಮಂತರಾಯರದು ಒಂದೇ ಪ್ರಶ್ನೆ. “ಬಾಯಾರ, ಇದು ಯಾಕ ಬಂತು? ಆಕಿ ತಂಬಾಕು ಮುಟ್ಟಿದಾಕಿ ಅಲ್ಲ. ಬೀಡಿ ನಾನೂ ಸೇದಿಲ್ಲ. ಒಲಿ ಹೊಗಿ ಏನು?”

“ಗೊತ್ತಿಲ್ಲ ಕಾಕಾ. ಕೆಲವೊಂದು ಹಂಗ ಬರ್ತಾವ.”

“ಹಂಗ ಹೆಂಗ ಬರ್ತಾವ? ಏನರೆ ಇರಬೇಕಲ್ಲ.”

ಒಳಗಿನಿಂದ ಸುಂದರಬಾಯಿ ಕೆಮ್ಮುತ್ತಿದ್ದಳು. ಅದು ಕೆಮ್ಮಲ್ಲ, ನನಗೆ ಎಚ್ಚರಿಕೆ. ನಾನು ಬಾಯಿ ಮುಚ್ಚಿಕೊಂಡು ಬಾಟಲಿ ತೊಳೆಯುತ್ತಿದ್ದೆ. ಆ ಮನೆಯಿಂದ ಹೊರಗೆ ಬಂದ ಮೇಲೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಸುಮ್ಮಸುಮ್ಮನೆ ಸಿಡುಕುತ್ತಿದ್ದೆ.

ಏಪ್ರಿಲ್ ತಿಂಗಳ ಒಂದು ಭಾನುವಾರ. ಬೆಳಿಗ್ಗೆ ಒಂಬತ್ತಕ್ಕೇ ನೆಲಕ್ಕೆ ಹಾಸಿದ ಪರಸಿ ಕಲ್ಲು ಕಾದು ಚಪ್ಪಲಿಯ ಒಳಗೂ ಬಿಸಿ ತಾಗುತ್ತಿತ್ತು. ಬ್ಯಾಗು ಹಿಡಿದು ಓಣಿಗೆ ತಿರುಗುವಾಗಲೇ ಹಣಮಂತರಾಯರ ಅಂಗಳದಲ್ಲಿ ನಗು ಕೇಳಿಸಿತು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ನಗು. ನನಗೂ ಖುಷಿಯಾಯಿತು, ಅಂಗಳಕ್ಕೆ ಕಾಲಿಡುವ ತನಕ.

ಹಣಮಂತರಾಯರು ನಿಚ್ಚಣಿಕೆಯ ಮೇಲಿದ್ದರು. ಅಟ್ಟದಿಂದ ತಂತಿ ಕಟ್ಟಿದ ಒಂದು ಗಂಟನ್ನು ಎಳೆದು ಕೆಳಗೆ ಬಿಟ್ಟರು. ಗಂಟು ಪರಸಿಯ ಮೇಲೆ ಬಿದ್ದು ಹೊಗೆಯಂತೆ ಧೂಳೆದ್ದಿತು. ಗೋಣಿಚೀಲಗಳು. ಇನ್ನೂ ಎರಡು ಆಗಲೇ ಹಗ್ಗದ ಮೇಲೆ ತೂಗುತ್ತಿದ್ದವು. ಪಕ್ಕದ ಮನೆಯ ಸುಗರಾಬಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಡಿಗೆ ಹಿಡಿದು ನಿಂತಿದ್ದಳು. ಅವಳ ಸೊಸೆ ಸಾಯಿರಾ ಎಂಟು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಸೂಜಿ, ದಾರ, ಹಳೆ ಸೀರೆಗಳು ಪಕ್ಕದಲ್ಲಿದ್ದವು.

“ಬರ್ರಿ ಬಾಯಾರ,” ಅಂದರು ಹಣಮಂತರಾಯರು, ಮೇಲಿನಿಂದಲೇ. “ಆಕಿಗೆ ಮಲಗಲಿಕ್ಕ ಆಗವಲ್ದು, ಬೆನ್ನು ಎಲುಬು ಒತ್ತತಾವ. ದಪ್ಪಂದು ಎರಡು ಕೌದಿ ಹೊಲೀಬೇಕಂತ ಮಾಡೀವಿ. ನೋಡ್ರಿ, ನಲವತ್ತು ಚೀಲ ಇಟ್ಟಿದ್ದೆ. ಮರತೇಬಿಟ್ಟಿದ್ದೆ.”

ಸುಗರಾಬಿ ಬಡಿಗೆ ಎತ್ತಿದಳು.

“ಬಡೀಬ್ಯಾಡ,” ಅಂದೆ. ಟಿ.ಬಿ. ಗುಳಿಗೆ ಬಿಟ್ಟವರಿಗೆ ಬೈಯುವ ದನಿ ಅದು, ಓಣಿಯ ತುದಿಯವರೆಗೆ ಕೇಳಿಸಿರಬೇಕು. ಸುಗರಾಬಿಯ ಕೈ ಅಲ್ಲೇ ನಿಂತಿತು.

“ಯಾಕ?” ಅಂದರು ಹಣಮಂತರಾಯರು.

“ಧೂಳು. ಕಾಕಿಗೆ ಧೂಳು ಆಗಂಗಿಲ್ಲ.”

“ಹೌದಲ್ಲ, ಅದು ಖರೆ. ನಂಗ ತಿಳೀಲಿಲ್ಲ.” ಅವರು ಒಪ್ಪಿಕೊಂಡೇಬಿಟ್ಟರು. “ಸುಗರಾಬಿ, ನಿಮ್ಮ ಅಂಗಳಕ್ಕ ಒಯ್ರಿ. ಅಲ್ಲಿ ಬಡದು ತರ್ರಿ.”

ಸಾಯಿರಾ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದಳು, ಗಂಟಿಗೆ ಕೈ ಹಾಕಲು.

“ಮುಟ್ಟಬ್ಯಾಡ ತಂಗಿ. ಅದರಾಗ ಇಲಿ ಉಚ್ಚಿ ಇರ್ತದ, ರೋಗ ಬರ್ತದ.” ಎರಡನೇ ಸುಳ್ಳು ಮೊದಲನೆಯದಕ್ಕಿಂತ ಬಡಕಲು.

“ಬಿಸಲಿಗಿ ಹಾಕಿ ಬಡದ್ರ ಹೋಗ್ತದ ಬಿಡ್ರಿ ಬಾಯಿ,” ಅಂದಳು ಸುಗರಾಬಿ. “ಹಿಂದ ನಾವು ಎಷ್ಟು ಬಡದಿಲ್ಲ. ನಾನು, ಈ ಸುಂದರಬಾಯಿ, ಓಣಿ ಪೂರಾ.”

ಬಾಗಿಲಿನ ಒಳಗೆ ಮಂಚ ಕಾಣುತ್ತಿತ್ತು. ಸುಂದರಬಾಯಿ ನಾಲ್ಕು ದಿಂಬಿಗೆ ಆನಿಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ಕೂಗುವಷ್ಟು ಉಸಿರು ಆಕೆಗಿರಲಿಲ್ಲ. ಚೀಲ ಉಳಿದಿದ್ದು ಆಕೆಗೂ ಗೊತ್ತಿರಲಿಲ್ಲ ಅನ್ನುವುದು ಆ ಮುಖ ನೋಡಿದರೇ ತಿಳಿಯುತ್ತಿತ್ತು. ನನ್ನ ಕಣ್ಣು ತನ್ನ ಕಡೆ ಬಂದ ಕೂಡಲೇ ತಲೆಯನ್ನು ಅತ್ತಿತ್ತ ಆಡಿಸಿದಳು. ಬ್ಯಾಡ. ಏನಾದರೂ ಮಾಡಿ ನಿಲ್ಲಿಸು, ಆದರೆ ಹೇಳಬ್ಯಾಡ.

ನನಗೆ ಹೆದರಿಕೆಯಾಯಿತು. ಇನ್ನೊಂದು ಸುಳ್ಳು ಹುಡುಕಿದರೆ ಸಿಗುತ್ತಿತ್ತೋ ಏನೋ. ಈ ನಲವತ್ತು ಚೀಲವನ್ನು ಒಯ್ದು ಎಲ್ಲೋ ಬಿಸಾಡಬಹುದಿತ್ತು. ಆದರೆ ಉಳಿದ ಮನೆಗಳ ಅಟ್ಟದಲ್ಲಿ ಏನಿದೆಯೋ? ಯಾವ ಅಂಗಳದಲ್ಲಿ ಯಾವ ಭಾನುವಾರ ಯಾರು ಬಡಿಗೆ ಎತ್ತುತ್ತಾರೋ? ಕೂಸು ಬಾಯಿಗೆ ಕೈ ಹಾಕಿಕೊಂಡು ನನ್ನನ್ನೇ ನೋಡುತ್ತಿತ್ತು.

ನಾನು ಸುಂದರಬಾಯಿಯ ಕಡೆಯಿಂದ ಮುಖ ತಿರುಗಿಸಿದೆ.

“ಸಾಯಿರಾ, ಕೂಸಿನ ತಗೊಂಡು ಹೊರಗ ಹೋಗು, ಓಣಿ ಆಚೆ ನಿಂದ್ರು. ಸುಗರಾಬಿ, ಬಡಿಗಿ ಕೆಳಗಿಡು. ಕಾಕಾ, ಇಳಿರಿ.” ಬ್ಯಾಗಿನಲ್ಲಿ ಟಿ.ಬಿ. ವಾರ್ಡಿಗೆಂದು ಇಟ್ಟುಕೊಂಡಿದ್ದ ದಪ್ಪ ಮಾಸ್ಕುಗಳಿದ್ದವು. ಒಂದು ನಾನು ಹಾಕಿಕೊಂಡು ಎರಡನ್ನು ಸುಗರಾಬಿಯ ಕೈಗಿಟ್ಟೆ, ಅವಳಿಗೂ ಹಣಮಂತರಾಯರಿಗೂ. ಮಂಚವಿದ್ದ ಕೋಣೆಯ ಬಾಗಿಲನ್ನು ಎಳೆದುಕೊಂಡೆ. ನಲ್ಲಿಯ ಕೆಳಗಿದ್ದ ಕೊಡ ಎತ್ತಿ, ಧೂಳೇಳದ ಹಾಗೆ ನಿಧಾನವಾಗಿ ಚೀಲಗಳ ಮೇಲೆ ನೀರು ಸುರಿದೆ. ಎರಡನೇ ಕೊಡ. ಮೂರನೇ ಕೊಡ. ಚೀಲಗಳು ಕಪ್ಪಾಗಿ ಒದ್ದೆಯಾದವು. ಅಷ್ಟರಲ್ಲಿ ಹಣಮಂತರಾಯರು ಇಳಿದು ಬಂದು ನನ್ನ ಎದುರು ನಿಂತಿದ್ದರು.

“ಇದರಾಗೇನದ?” ಅಂದರು. ಈ ಸಲ ದನಿ ಸಣ್ಣಗಿತ್ತು.

“ಯಾಕ ಬಂತು ಅಂತ ದಿನಾ ಕೇಳ್ತಿದ್ರಲ್ಲ ಕಾಕಾ,” ಅಂದೆ. “ಈ ಮಾಲಿನಿಂದ ಬಂದದ್ದು. ಬಡ್ಯಾಗ ಏಳೋ ಧೂಳು, ನಿಮ್ಮ ಡ್ಯೂಟಿ ಬಟ್ಟಿ ಝಾಡಸ್ಯಾಗ ಏಳೋ ಧೂಳು. ಒಳಗ ಹೋಗಿ ನಲವತ್ತು ವರ್ಷ ಕೂತಿತ್ತು.”

ಅವರು ನಂಬಲಿಲ್ಲ. ನಂಬದಿರಲಿಕ್ಕೆ ಕಾರಣವೂ ಇತ್ತು. “ಹತ್ತೊಂಬತ್ತು ವರ್ಷ ಅದರಾಗ ಮುಳುಗೆದ್ದವ ನಾನು. ನಂಗೇನಾಗ್ಯದ? ಗುಂಡಕಲ್ಲಿನಂಗ ಇದ್ದೀನಿ.”

“ಎಲ್ಲರಿಗೂ ಬರಂಗಿಲ್ಲ. ಯಾರಿಗೆ ಬರ್ತದ, ಯಾರಿಗೆ ಬಿಡ್ತದ, ದೊಡ್ಡ ಡಾಕ್ಟರಿಗೂ ಹೇಳಲಿಕ್ಕ ಬರಂಗಿಲ್ಲ. ನಿಮಗ ಬರಲಿಲ್ಲ, ಕಾಕಿಗೆ ಬಂತು.”

“ಕಾರ್ಖಾನಿಯವರು ಒಂದ್ ಮಾತು ಹೇಳಲಿಲ್ಲಲ್ಲ.”

“ಹೇಳಲಿಲ್ಲ. ನಿಮಗ ತಿಳಿಯೋ ದಾರಿನೇ ಇರಲಿಲ್ಲ ಕಾಕಾ.”

“ತಂದವ ನಾನು,” ಅಂದರು.

“ನಿಮಗ ಗೊತ್ತಿರಲಿಲ್ಲ.”

“ತಂದವ ನಾನು, ಬಾಯಾರ.” ಒದ್ದೆ ಚೀಲಗಳನ್ನು ನೋಡುತ್ತಾ ನಿಂತರು. ಅಳಲಿಲ್ಲ. ಅತ್ತಿದ್ದರೆ ನನಗೆ ಏನು ಮಾಡಬೇಕೆಂದು ಗೊತ್ತಿತ್ತು. ಆ ಮನುಷ್ಯ ಕುಸಿದು ಬೀಳುತ್ತಾನೆ, ಸುಂದರಬಾಯಿ ಅಂದದ್ದೇ ಆಗುತ್ತದೆ, ಅದಕ್ಕೆ ನಾನೇ ಕಾರಣ ಅಂತ ಹೆದರಿ ಅವರ ಹತ್ತಿರಕ್ಕೆ ಸರಿದೆ.

ಅಷ್ಟರಲ್ಲಿ ಸುಗರಾಬಿ ಗೋಡೆಗೆ ಆನಿಕೊಂಡು ನಿಧಾನ ಕೂತಳು. “ಎರಡು ತಿಂಗಳಾತು ನಂಗ ಎಡಮಗ್ಗಲ ಹಿಡದಂಗ ಆಗ್ತದ. ಗ್ಯಾಸ್ ಅಂತ ಸುಮ್ಮನಿದ್ದೆ,” ಅಂದಳು.

“ಗ್ಯಾಸೇ ಇರಬಹುದು. ನಾಳೆ ಬೆಳಿಗ್ಗೆ ನನ್ನ ಕೂಡ ಬಾ, ಎಕ್ಸ್‌ರೇ ತೆಗಸೋಣ. ಕಲಬುರಗಿ ಡಾಕ್ಟರಿಗೂ ತೋರಸೋಣ.”

ಹಣಮಂತರಾಯರು ಅವಳ ಕಡೆ ತಿರುಗಿದರು. ನೋಡಿದರು. ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.

“ಹನ್ನೊಂದು ಮನಿ,” ಅಂದರು. “ನಂದು ಹಿಡದು ಹನ್ನೊಂದು ಮನಿಗೆ ಕೊಟ್ಟೀನಿ. ಯಾರ್ಯಾರಿಗೆ ಎಷ್ಟು, ಎಲ್ಲಾ ನೆನಪದ.”

“ನಾ ಹೋಗ್ತೀನಿ ಕಾಕಾ. ಇದು ನನ್ನ ಕೆಲಸ. ನೀವು ಕುಂದ್ರಿ.”

“ಚೀಲ ನೀವು ಕೊಟ್ಟಿಲ್ಲಲ್ಲ.” ಚಪ್ಪಲಿ ಮೆಟ್ಟಿದರು. “ಏನೇನು ಹೇಳಬೇಕು ಅದಷ್ಟು ಹೇಳ್ರಿ.”

ಹೇಳಿದೆ. ಬಡಿಯಬಾರದು, ಝಾಡಿಸಬಾರದು, ಸುಡಬಾರದು. ನೀರು ಹಾಕಿ ಒದ್ದೆ ಮಾಡಿ ಹಾಗೇ ಬಿಡಬೇಕು, ನಾವು ಬಂದು ಒಯ್ಯುತ್ತೇವೆ. ಹಳೆಯ ಕೌದಿ ಉಳಿದಿದ್ದರೆ ಬಿಚ್ಚಬಾರದು. ಯಾರಿಗಾದರೂ ದಮ್ಮು, ಪಕ್ಕೆನೋವು ಇದ್ದರೆ ಹಳೆಯದೆಲ್ಲ ಸೇರಿಸಿ ಡಾಕ್ಟರಿಗೆ ಹೇಳಬೇಕು, ಚೀಲದ ಮಾತು ಬಿಡಬಾರದು. ಹೆದರಿಸಬಾರದು, ಯಾಕೆಂದರೆ ಹೆಚ್ಚಿನವರಿಗೆ ಇದು ಬರುವುದಿಲ್ಲ. ಅವರು ಪಾಠ ಒಪ್ಪಿಸುವವರ ಹಾಗೆ ನನ್ನೆದುರು ಎಲ್ಲವನ್ನೂ ಒಂದು ಸಲ ಹೇಳಿ ತೋರಿಸಿದರು. ಆಮೇಲೆ ಅಂಗಳ ದಾಟಿ ಹೋದರು. ಹೆಂಡತಿಯಿದ್ದ ಕೋಣೆಯ ಬಾಗಿಲಿನ ಕಡೆ ನೋಡಲಿಲ್ಲ.

ಅವರು ಮರಳಿ ಬರುವ ತನಕ ನಾನು ಒದ್ದೆ ಚೀಲಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಟೇಪು ಹಚ್ಚಿ ಮೂಲೆಗಿಟ್ಟೆ. ಅಂಗಳವನ್ನು ಪೊರಕೆ ಮುಟ್ಟಿಸದೆ ನೀರಿನಿಂದಲೇ ತೊಳೆದೆ. ಮೈಕೈ ತೊಳೆದುಕೊಂಡು ಒಳಗೆ ಹೋಗಿ ಸುಂದರಬಾಯಿಯ ಎದೆಯ ನೀರು ತೆಗೆದೆ. ಮುನ್ನೂರು ಮಿಲಿ ಬಂತು. ಅಷ್ಟು ಹೊತ್ತೂ ಆಕೆ ಗೋಡೆಯ ಕಡೆ ಮುಖ ಮಾಡಿದ್ದಳು.

“ತಪ್ಪಾಯ್ತು ಕಾಕಿ,” ಅಂದೆ.

ನನಗೆ ಅಳು ಬಂತು, ಸಿಟ್ಟೂ ಬಂತು. ಮತ್ತೊಮ್ಮೆ ಆ ಅಂಗಳದಲ್ಲಿ ನಿಲ್ಲಿಸಿದರೆ ಮತ್ತೆ ಹೇಳುತ್ತೇನೆ ಅಂತಲೂ ಗೊತ್ತಿತ್ತು. ತಪ್ಪಾಯ್ತು ಅಂದದ್ದು ಆರು ತಿಂಗಳ ಗುಳಿಗೆಗೆ, ನೋಡದೆ ಬಿಟ್ಟ ಅಟ್ಟಕ್ಕೆ. ಅದನ್ನು ಬಿಡಿಸಿ ಹೇಳುವ ಹೊತ್ತು ಅದಾಗಿರಲಿಲ್ಲ.

ಮಧ್ಯಾಹ್ನ ಎರಡರ ಸುಮಾರಿಗೆ ಹಣಮಂತರಾಯರು ಬಂದರು. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ನೀರು ಕೊಟ್ಟೆ, ಮುಟ್ಟಲಿಲ್ಲ. ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂತರು.

“ನಾಕು ಮನ್ಯಾಗ ಇನ್ನೂ ಅವ,” ಅಂದರು, ಗೋಡೆಯ ಕಡೆ ತಿರುಗಿದ್ದ ಆ ಬೆನ್ನಿಗೆ. “ಎರಡು ಮನ್ಯಾಗ ಕೌದಿ ಅವ. ಮೂರು ಮನಿಯವರು ಊರು ಬಿಟ್ಟು ವಾಡಿಗಿ ಹೋಗ್ಯಾರ, ನಾಳಿ ಮುಂಜಾನೆ ರೈಲಿಗಿ ಹೋಗ್ತೀನಿ. ಒಬ್ಬಾಕಿ ಬೈದ್ಲು. ಬೈಲಿ. ಉಳದವರು ಬೈಲಿಲ್ಲ, ಅದ ಭಾಳ ಕಷ್ಟ ಆಯ್ತು.”

ಹಣಮಂತರಾಯರು ಮಂಚದ ಅಂಚಿಗೆ ಬಾಗಿದರು.

“ನಿಂಗ ಯಾವಾಗ ಗೊತ್ತಾಯ್ತು?”

ಆಕೆ ಗೋಡೆಯ ಕಡೆ ಮುಖ ಮಾಡಿಯೇ ಹೇಳಿದಳು. “ಡಾಕ್ಟರು ಬಟ್ಟಿ ಯಾರು ಒಗೀತಿದ್ರು ಅಂತ ಕೇಳಿದಾಗ.”

“ನನಗ ಚಹಾ ತರಲಿಕ್ಕ ಕಳಿಸಿದ್ದಿ.”

“ಹೂಂ.”

“ಮೂರು ತಿಂಗಳ ಒಬ್ಬಾಕಿನೇ ಇಟಗೊಂಡು ಕೂತಿ. ಯಾರಿಗೂ ಹೇಳಬಾರದೇನು?”

ಆಕೆ ನಿಧಾನವಾಗಿ ಈ ಕಡೆ ಹೊರಳಿದಳು. ಹೊರಳುವಷ್ಟಕ್ಕೇ ಮೂರು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಗಂಡನ ಮುಖವನ್ನು ನೋಡಿದಳು.

“ಯಾರಿಗೆ ಹೇಳಲಿ? ನಲವತ್ತು ವರ್ಷ ಏನಾದ್ರೂ ನಿಮಗೇ ಹೇಳೀನಿ. ಬ್ಯಾರೆಯವರಿಗೆ ಹೇಳಿ ರೂಢಿ ಇಲ್ಲ ನಂಗ.”

ಹಣಮಂತರಾಯರು ಸ್ಟೂಲನ್ನು ಇನ್ನೂ ಹತ್ತಿರ ಎಳೆದುಕೊಂಡರು. ಅಂಗಳದಲ್ಲಿ ಆಡಿದ ಮಾತನ್ನು ಮತ್ತೆ ಆಡಲು ಬಾಯಿ ತೆರೆದರು, ತಂದವ ನಾನು ಅಂತ. ಆಕೆ ಕೈ ಎತ್ತಿ ಅವರ ಬಾಯಿಯ ಮೇಲಿಟ್ಟಳು. ಅಷ್ಟು ಎತ್ತುವ ಶಕ್ತಿ ಎಲ್ಲಿತ್ತೋ ಗೊತ್ತಿಲ್ಲ. ಅವರು ಆ ಕೈಯನ್ನು ಹಾಗೇ ಹಿಡಿದು ಅಳಲು ಶುರುಮಾಡಿದರು, ಮತ್ತು ನಾನು ಬಾಟಲಿ ತೆಗೆದುಕೊಂಡು ಹೊರಗೆ ಬಂದೆ.